ಪದಕ್ಕೆ ಎಷ್ಟು, ಗಂಟೆಗೆ ಎಷ್ಟು: ಒಂದು ಫ್ರೆಂಚ್ ಅನುವಾದದ ಕೊಟೇಷನ್

ಫ್ರೆಂಚ್ ಕಡತವೊಂದನ್ನು ಇಂಗ್ಲಿಷಿಗೆ ತರಬೇಕೆಂದು ಫೋನ್ ಮಾಡುವವರು ಬಹುಪಾಲು ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಾರೆ: "ಪುಟಕ್ಕೆ ಎಷ್ಟು ತಗೊಳ್ತೀರಿ?" ಪ್ರಶ್ನೆ ಸಹಜವಾದದ್ದೇ. ಟೈಪಿಂಗ್, ಜೆರಾಕ್ಸ್ ಎಲ್ಲವೂ ಪುಟದ ಲೆಕ್ಕದಲ್ಲೇ ನಡೆಯುವಾಗ ಅನುವಾದವೂ ಹಾಗೇ ಇರಬೇಕು ಅನ್ನಿಸುವುದರಲ್ಲಿ ತಪ್ಪಿಲ್ಲ. ಆದರೆ ಕಡತ ತೆರೆದು ನೋಡುವ ಮುಂಚೆ ಈ ಪ್ರಶ್ನೆಗೆ ಕೊಡುವ ಯಾವ ಉತ್ತರವೂ ಊಹೆಯೇ. ಆ ಊಹೆಯ ನಷ್ಟ ಕೆಲವೊಮ್ಮೆ ಅನುವಾದಕರಿಗೆ, ಕೆಲವೊಮ್ಮೆ ಗಿರಾಕಿಗೆ ತಟ್ಟುತ್ತದೆ.

ಬೆಂಗಳೂರಿಗೂ ಫ್ರೆಂಚ್ ತಾಂತ್ರಿಕ ಬರಹಕ್ಕೂ ಇರುವ ನಂಟು ಹಳೆಯದು. ಫ್ರಾನ್ಸಿನ ಅಲುಯೆಟ್ ಹೆಲಿಕಾಪ್ಟರನ್ನು ಪರವಾನಗಿ ಪಡೆದು ಎಚ್‌ಎಎಲ್ ಇಲ್ಲಿ 'ಚೇತಕ್' ಎಂಬ ಹೆಸರಿನಲ್ಲಿ ತಯಾರಿಸತೊಡಗಿದ್ದು 1960ರ ದಶಕದಲ್ಲಿ. ಇವತ್ತು ವಿಮಾನ ಎಂಜಿನ್‌ನಿಂದ ಹಿಡಿದು ವಿದ್ಯುತ್ ಉಪಕರಣದವರೆಗೆ ಹಲವು ಫ್ರೆಂಚ್ ಕಂಪನಿಗಳ ಕಚೇರಿಗಳು ಈ ಊರಿನಲ್ಲಿವೆ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕಲಿತು, ಡೆಲ್ಫ್ ಬಿ2 ಅಥವಾ ಡಾಲ್ಫ್ ಪರೀಕ್ಷೆ ಪಾಸು ಮಾಡಿ, ಮನೆಯಿಂದಲೇ ಅನುವಾದಕ್ಕೆ ಇಳಿಯುವ ಹುಡುಗ ಹುಡುಗಿಯರನ್ನು ನಾನು ನೋಡುತ್ತಲೇ ಇದ್ದೇನೆ. ಅವರ ಫ್ರೆಂಚ್ ಚೆನ್ನಾಗಿರುತ್ತದೆ. ಕೊಟೇಷನ್ ಬರೆಯುವುದನ್ನು ಮಾತ್ರ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಆದ್ದರಿಂದ ಒಂದೇ ಒಂದು ಕೊಟೇಷನ್ನನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬಿಡಿಸಿಡುತ್ತೇನೆ. ಇದರಲ್ಲಿರುವ ದರಗಳು ನನ್ನವು. ಅವು ಮಾರುಕಟ್ಟೆಯ ಸರಾಸರಿ ಅಲ್ಲ, ಬೇರೆಯವರ ದರ ಇದಕ್ಕಿಂತ ಕಡಿಮೆಯೂ ಇರಬಹುದು, ಹೆಚ್ಚೂ ಇರಬಹುದು. ಲೆಕ್ಕದ ದಾರಿಯನ್ನು ಗಮನಿಸಿದರೆ ಸಾಕು.

ಪೀಣ್ಯದ ಒಂದು ಕಾರ್ಖಾನೆ. ಹಣ್ಣಿನ ರಸದ ಬಾಟಲಿಗೆ ಮುಚ್ಚಳ ಬಿಗಿಯುವ ಯಂತ್ರವೊಂದನ್ನು ಫ್ರಾನ್ಸಿನಿಂದ ಸೆಕೆಂಡ್ ಹ್ಯಾಂಡ್ ಆಗಿ ತರಿಸಿದ್ದಾರೆ. ಹೊಸ ಯಂತ್ರವಾಗಿದ್ದರೆ ಕೈಪಿಡಿ ಇಂಗ್ಲಿಷಿನಲ್ಲೇ ಬರುತ್ತಿತ್ತೇನೋ. ಯುರೋಪಿನ ಯಂತ್ರ ಸುರಕ್ಷತೆಯ ನಿರ್ದೇಶನದ (2006/42) ಪ್ರಕಾರ ಯಂತ್ರವನ್ನು ಯಾವ ದೇಶದಲ್ಲಿ ಮಾರುತ್ತಾರೋ ಆ ದೇಶದ ಭಾಷೆಯಲ್ಲಿ ಕೈಪಿಡಿ ಕೊಡಬೇಕು. ಈ ಯಂತ್ರ ಹುಟ್ಟಿ ದುಡಿದದ್ದೆಲ್ಲ ಫ್ರಾನ್ಸಿನಲ್ಲೇ ಆದ್ದರಿಂದ ಅದರ ಜೊತೆ ಬಂದದ್ದು ಫ್ರೆಂಚ್ ಕೈಪಿಡಿ ಮಾತ್ರ. 46 ಪುಟದ ಪಿಡಿಎಫ್. ಪರ್ಚೇಸ್ ವಿಭಾಗದ ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದು ಇಷ್ಟು: "ನಲವತ್ತಾರು ಪುಟ ಇದೆ ಮೇಡಂ, ನಾಲ್ಕು ದಿನದಲ್ಲಿ ಬೇಕು. ಇನ್ನೊಬ್ಬರು ಪುಟಕ್ಕೆ ಆರುನೂರು ಹೇಳಿದ್ದಾರೆ. ನಿಮ್ಮದು ಎಷ್ಟು?"

"ಫೈಲ್ ಕಳಿಸಿ ಸರ್, ಸಂಜೆಯೊಳಗೆ ಹೇಳ್ತೀನಿ" ಎಂದೆ.

ಮೊದಲ ಕೆಲಸ ಪದ ಎಣಿಸುವುದು

ಪಿಡಿಎಫ್‌ನ 9ನೇ ಪುಟದಲ್ಲಿ ಯಂತ್ರದ ದೊಡ್ಡ ಚಿತ್ರ, ಅದರ ಕೆಳಗೆ ಒಂದು ಸಾಲು. ಒಟ್ಟು ಇಪ್ಪತ್ತು ಪದ ಇರಬಹುದು. 38ನೇ ಪುಟದಲ್ಲಿ ಬಿಡಿಭಾಗಗಳ ಪಟ್ಟಿ, ಸಣ್ಣಕ್ಷರದಲ್ಲಿ ನಾನೂರಕ್ಕೂ ಹೆಚ್ಚು ಪದ. ಎರಡಕ್ಕೂ ಆರುನೂರು ರೂಪಾಯಿ ಎಂದರೆ ಅದು ಲೆಕ್ಕವಾಗುವುದಿಲ್ಲ. ಪುಟ ಎಂಬ ಅಳತೆಗೆ ಅರ್ಥ ಇರಬೇಕಾದರೆ ಅದು ಎಲ್ಲ ಕಡೆ ಒಂದೇ ಗಾತ್ರದ್ದಾಗಿರಬೇಕು. ಫ್ರಾನ್ಸಿನ ಸಾಹಿತ್ಯಾನುವಾದಕರು ಇಂದಿಗೂ ಬಳಸುವ ಅಳತೆ ಅಂಥದ್ದು. ಖಾಲಿ ಜಾಗವೂ ಸೇರಿ 1,500 ಅಕ್ಷರಚಿಹ್ನೆಗಳು ಅವರಿಗೆ ಒಂದು ಘಟಕ. ವಾಣಿಜ್ಯ ಅನುವಾದದಲ್ಲಿ ಮಾತ್ರ ಪದವೇ ಘಟಕವಾಗಿ ನಿಂತಿದೆ.

ಪದ ಎಂದರೆ ಯಾವ ಭಾಷೆಯ ಪದ ಎಂಬುದನ್ನೂ ಮೊದಲೇ ಹೇಳಿಕೊಳ್ಳಬೇಕು. ಫ್ರೆಂಚ್ ಬರಹ ಇಂಗ್ಲಿಷಿಗೆ ಬರುವಾಗ ಕುಗ್ಗುತ್ತದೆ, ಇಂಗ್ಲಿಷಿನಿಂದ ಫ್ರೆಂಚಿಗೆ ಹೋಗುವಾಗ ಹಿಗ್ಗುತ್ತದೆ. ಈ ವ್ಯತ್ಯಾಸ ನೂರಕ್ಕೆ ಹದಿನೈದು, ಇಪ್ಪತ್ತರವರೆಗೂ ಹೋಗಬಹುದು. ಅಂದರೆ ಅದೇ ಕಡತಕ್ಕೆ, ಅದೇ ದರಕ್ಕೆ, ಮೂಲದ ಪದ ಎಣಿಸಿದರೆ ಒಂದು ಬಿಲ್ಲು, ಅನುವಾದದ ಪದ ಎಣಿಸಿದರೆ ಇನ್ನೊಂದು. ನಾನು ಮೂಲದ ಪದಗಳ ಮೇಲೆಯೇ ದರ ಹೇಳುತ್ತೇನೆ. ಆಗ ಒಟ್ಟು ಮೊತ್ತ ಕೆಲಸ ಶುರುವಾಗುವ ಮುಂಚೆಯೇ ಇಬ್ಬರಿಗೂ ತಿಳಿದಿರುತ್ತದೆ. ಅನುವಾದಕರು ವಾಕ್ಯ ಬೆಳೆಸಿ ಬಿಲ್ಲು ಬೆಳೆಸಿದರೆಂಬ ಅನುಮಾನಕ್ಕೂ ಜಾಗವಿರುವುದಿಲ್ಲ.

ಎಣಿಕೆಯೂ ಅಂದುಕೊಂಡಷ್ಟು ಸುಲಭವಲ್ಲ. ಫ್ರೆಂಚಿನಲ್ಲಿ ಸ್ವರದಿಂದ ಶುರುವಾಗುವ ಪದದ ಹಿಂದೆ ಬರುವ ಸಣ್ಣ ಪದಗಳು ಮೊಟಕಾಗಿ, ಅಪಾಸ್ಟ್ರಫಿ ಚಿಹ್ನೆಯೊಂದಿಗೆ ಮುಂದಿನ ಪದಕ್ಕೆ ಅಂಟಿಕೊಳ್ಳುತ್ತವೆ. ವರ್ಡ್ ಇಂಥ ಜೋಡಿಯನ್ನು ಒಂದು ಪದವೆಂದು ಎಣಿಸುತ್ತದೆ. ಅನುವಾದದ ಕೆಲವು ಸಾಫ್ಟ್‌ವೇರ್‌ಗಳು, ಸೆಟ್ಟಿಂಗ್ ಹೇಗಿದೆಯೋ ಹಾಗೆ, ಎರಡೆಂದು ಎಣಿಸಬಹುದು. ಹೀಗಾಗಿ ಒಂದೇ ಕಡತಕ್ಕೆ ಎರಡು ಎಣಿಕೆ ಬರುವುದುಂಟು. ಯಾವುದು ಸರಿ ಎಂದು ಜಗಳವಾಡುವುದಕ್ಕಿಂತ, ಯಾವ ಸಾಫ್ಟ್‌ವೇರ್‌ನಲ್ಲಿ ಎಣಿಸಿದ್ದು ಎಂದು ಕೊಟೇಷನ್ನಿನಲ್ಲಿ ಒಂದು ಸಾಲು ಬರೆದರೆ ಮುಗಿಯಿತು.

ಈ ಕಡತದಲ್ಲಿ ಪಠ್ಯವಾಗಿ ಸಿಕ್ಕಿದ್ದು 10,400 ಪದ. ಅಷ್ಟಕ್ಕೇ ನಿಲ್ಲಿಸಿದ್ದರೆ 14 ಚಿತ್ರಗಳ ಒಳಗಿದ್ದ ಬರಹ ಲೆಕ್ಕ ತಪ್ಪಿ ಹೋಗುತ್ತಿತ್ತು. ಬಾಣದ ಗುರುತು ಹಾಕಿ ಕವಾಟ, ಸಂವೇದಕ, ತುರ್ತು ನಿಲುಗಡೆ ಗುಂಡಿ ಎಂದೆಲ್ಲ ಬರೆದಿರುವ ಆ ಅಕ್ಷರಗಳು ಚಿತ್ರದ ಭಾಗವೇ ಆಗಿರುವುದರಿಂದ ಯಾವ ಎಣಿಕೆಗೂ ಸಿಗುವುದಿಲ್ಲ. ಕೈಯಲ್ಲೇ ಎಣಿಸಿದಾಗ 600 ಪದ ಬಂತು. ಒಟ್ಟು 11,000. ಹೊಸಬರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಆ 600 ಪದಗಳ ಹಣದ ಜೊತೆಗೆ, ಪ್ರತಿ ಚಿತ್ರದಲ್ಲಿ ಹಳೆಯ ಅಕ್ಷರ ಅಳಿಸಿ ಹೊಸದನ್ನು ಕೂರಿಸುವ ಗಂಟೆಗಳೂ ಬಿಟ್ಟಿಯಾಗಿ ಹೋಗುತ್ತವೆ.

ಇನ್ನು ಪುನರಾವರ್ತನೆ. ಯಂತ್ರದ ಕೈಪಿಡಿಯಲ್ಲಿ, ಕವಚ ತೆಗೆಯುವ ಮೊದಲು ವಿದ್ಯುತ್ ಮತ್ತು ಗಾಳಿಯ ಸಂಪರ್ಕ ಕಡಿತಗೊಳಿಸಿ ಎಂಬಂಥ ಎಚ್ಚರಿಕೆ ಅಧ್ಯಾಯ ಅಧ್ಯಾಯಕ್ಕೂ ಬರುತ್ತದೆ. ಟ್ರಾಡೋಸ್, ಮೆಮೊಕ್ಯೂ, ಉಚಿತವಾಗಿ ಸಿಗುವ ಒಮೆಗಾಟಿ ಮುಂತಾದ ಅನುವಾದ ಸಾಫ್ಟ್‌ವೇರ್‌ಗಳು ಕಡತವನ್ನು ವಾಕ್ಯಗಳಾಗಿ ಒಡೆದು, ಯಾವುದು ಹೊಸದು, ಯಾವುದು ಹಿಂದಿನದ್ದರ ಯಥಾವತ್ ರೂಪ, ಯಾವುದು ಹಿಂದಿನದಕ್ಕೆ ಹತ್ತಿರ ಎಂದು ವಿಂಗಡಿಸಿ ಕೊಡುತ್ತವೆ. ನಮ್ಮ ಕಡತದಲ್ಲಿ 7,000 ಪದ ಹೊಸದು. 1,400 ಪದ ಹಿಂದಿನ ವಾಕ್ಯಗಳನ್ನು ಹೋಲುವಂಥವು, ಅಂದರೆ ಈ ಕಸುಬಿನವರು ಫಜ್ಜಿ ಮ್ಯಾಚ್ ಎನ್ನುವಂಥವು. 2,600 ಪದ ಪೂರ್ತಿ ಪುನರಾವರ್ತನೆ.

ಹೊಸ ಪದಕ್ಕೆ ಪೂರ್ಣ ದರ, ಹೋಲುವ ವಾಕ್ಯಗಳಿಗೆ ನೂರಕ್ಕೆ 60, ಪುನರಾವರ್ತನೆಗೆ ನೂರಕ್ಕೆ 25 ಎಂದು ನಾನು ಹಿಡಿಯುತ್ತೇನೆ. 7,000ಕ್ಕೆ 840 ಮತ್ತು 650 ಸೇರಿದರೆ 8,490 ಪದ. ದರ ಹಾಕಬೇಕಾದದ್ದು ಈ ಸಂಖ್ಯೆಗೆ. ಬಂದ ವಾಕ್ಯವೇ ಮತ್ತೆ ಬಂದರೆ ಸಾಫ್ಟ್‌ವೇರ್ ತಾನೇ ತುಂಬುತ್ತದಲ್ಲ, ಅದಕ್ಕೇಕೆ 25 ಎಂದು ಗಿರಾಕಿಗಳು ಕೇಳುತ್ತಾರೆ. ತುಂಬುವುದು ಸಾಫ್ಟ್‌ವೇರ್, ಅದು ಆ ಜಾಗಕ್ಕೆ ಹೊಂದುತ್ತದೆಯೇ ಎಂದು ನೋಡುವುದು ನಾವು. ಕೋಷ್ಟಕದ ಒಂಟಿ ಪದಗಳಲ್ಲಂತೂ ಇದು ತೀರ ಅಗತ್ಯ. ಮೇಲಿನ ಸಾಲಿನಲ್ಲಿ ಒಂದು ಭಾಗದ ಹೆಸರಾಗಿರುವ ಪದವೇ ಕೆಳಗಿನ ಸಾಲಿನಲ್ಲಿ ಬೇರೆ ಭಾಗದ ಹೆಸರಾಗಿರಬಹುದು. ಪುನರಾವರ್ತನೆಗೆ ಏನೂ ಕೊಡುವುದಿಲ್ಲ ಎನ್ನುವ ಏಜೆನ್ಸಿಗಳಿಗೆ, ಹಾಗಾದರೆ ಆ ವಾಕ್ಯಗಳನ್ನು ನಾನು ತೆರೆದು ನೋಡುವುದೂ ಇಲ್ಲ ಎಂದು ಲಿಖಿತವಾಗಿ ತಿಳಿಸುವುದು ನ್ಯಾಯ.

ಕಷ್ಟಕ್ಕೆ ಬೆಲೆ ಕಟ್ಟುವುದು

ಕಷ್ಟ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಬಾರದು, ಗಡಿಯಾರ ಇಟ್ಟು ನೋಡಬೇಕು. ನಾನು ಮಾಡುವುದು ಇಷ್ಟೇ: ಕಡತದ ಮೂರು ಬೇರೆ ಬೇರೆ ಕಡೆಯಿಂದ 250 ಪದಗಳ ತುಂಡು ಆರಿಸಿ, ನಿಜವಾಗಿಯೇ ಅನುವಾದ ಮಾಡಿ, ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳುವುದು. ಮೊದಲ ಪುಟ ಎಂದೂ ಆರಿಸಬಾರದು. ಪೀಠಿಕೆ ಯಾವಾಗಲೂ ಸಲೀಸು.

ಈ ಕೈಪಿಡಿಯ ಸುರಕ್ಷತಾ ಅಧ್ಯಾಯದ ತುಂಡಿಗೆ 40 ನಿಮಿಷ ಹಿಡಿಯಿತು. ಮುಚ್ಚಳ ಬಿಗಿಯುವ ತಲೆಗಳ ಹೊಂದಾಣಿಕೆ ವಿವರಿಸುವ ಭಾಗಕ್ಕೆ 50. ಬಿಡಿಭಾಗಗಳ ಪಟ್ಟಿಗೆ 70. ಪಟ್ಟಿಯಲ್ಲಿ ವ್ಯಾಕರಣವೇ ಇಲ್ಲ, ಒಂದು ಪೂರ್ಣ ವಾಕ್ಯವೂ ಇಲ್ಲ. ಆದರೂ ಅದೇ ಎಲ್ಲಕ್ಕಿಂತ ನಿಧಾನ, ಏಕೆಂದರೆ ಪ್ರತಿ ಸಾಲೂ ಒಂದು ಸಂಕ್ಷೇಪ. ಒಂದು ಸಾಲಿನಲ್ಲಿ ಸಿಎಚ್‌ಸಿ ಎಂ6 ಎಂದಿದೆ. ಫ್ರೆಂಚ್ ಮೆಕ್ಯಾನಿಕ್‌ಗೆ ಅದು ಅಲೆನ್ ಕೀಲಿ ಹಾಕಿ ತಿರುಗಿಸುವ, ಸಿಲಿಂಡರಿನಂಥ ತಲೆಯ ಬೋಲ್ಟು ಎಂದು ತಕ್ಷಣ ಗೊತ್ತಾಗುತ್ತದೆ. ಪೀಣ್ಯದ ಫಿಟ್ಟರ್‌ಗೆ ಆ ಮೂರಕ್ಷರ ಏನನ್ನೂ ಹೇಳುವುದಿಲ್ಲ. ಅದರ ಮುಂದಿನ ಸಾಲಿನಲ್ಲಿ ಇರುವುದು ತಯಾರಕರೇ ಇಟ್ಟುಕೊಂಡ ಸಂಕ್ಷೇಪ, ಯಾವ ನಿಘಂಟಿನಲ್ಲೂ ಇಲ್ಲ. ಚಿತ್ರದೊಡನೆ ಹೋಲಿಸಿ ನೋಡಿಯೇ ಅದು ಏನೆಂದು ತೀರ್ಮಾನಿಸಬೇಕು.

ಮೂರರ ಸರಾಸರಿ 250 ಪದಕ್ಕೆ ಸುಮಾರು 53 ನಿಮಿಷ, ಅಂದರೆ ಗಂಟೆಗೆ ಸುಮಾರು 280 ಪದ. 8,490 ಪದಕ್ಕೆ ಸುಮಾರು 30 ಗಂಟೆ. ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಮೂಲದ ಪಕ್ಕದಲ್ಲಿಟ್ಟು ಎಲ್ಲವನ್ನೂ ಮತ್ತೊಮ್ಮೆ ಓದಲು 6 ಗಂಟೆ, ಪಾರಿಭಾಷಿಕ ಪದಗಳ ಪಟ್ಟಿ ಮಾಡಿಕೊಳ್ಳಲು ಮತ್ತು ಗಿರಾಕಿಯ ಬಳಿ ಸಂದೇಹ ಕೇಳಲು 2 ಗಂಟೆ. ಒಟ್ಟು 38. ಚಿತ್ರಗಳ ಕೆಲಸ ಇದಕ್ಕೆ ಸೇರಿಲ್ಲ.

ಸಂದೇಹ ಕೇಳುವ ಆ ಎರಡು ಗಂಟೆಯನ್ನು ಅನೇಕರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಕೈಪಿಡಿಯಲ್ಲೇ, ಗಾಳಿಯ ಫಿಲ್ಟರ್ ಬದಲಿಸುವುದು ಯಾವಾಗ ಎಂಬಲ್ಲಿ ವಿವರಣೆಯ ಭಾಗ 500 ಗಂಟೆಗೊಮ್ಮೆ ಎನ್ನುತ್ತದೆ, ಹಿಂದಿನ ನಿರ್ವಹಣಾ ಕೋಷ್ಟಕ 250 ಎನ್ನುತ್ತದೆ. ಅನುವಾದಕರು ಇದರಲ್ಲಿ ಒಂದನ್ನು ತಾವೇ ಆರಿಸಿ ಸರಿಮಾಡುವಂತಿಲ್ಲ. ಎರಡನ್ನೂ ಇದ್ದ ಹಾಗೆ ಬರೆದು ಸುಮ್ಮನಿರುವುದೂ ತಪ್ಪು. ಪುಟ ಸಂಖ್ಯೆ ಹಾಕಿ, ಎರಡೂ ಜಾಗ ತೋರಿಸಿ, ತಯಾರಕರನ್ನು ಕೇಳಿ ಎಂದು ಗಿರಾಕಿಗೆ ಬರೆಯಬೇಕು. ಇಂಥದ್ದು ಕಣ್ಣಿಗೆ ಬೀಳಬೇಕಾದರೆ ಓದುವವರಿಗೆ ಯಂತ್ರದ ಪರಿಚಯ ಇರಬೇಕು.

ವಿಶೇಷ ಪರಿಣತಿಯ ದರದ ಮಾತು ಬರುವುದು ಇಲ್ಲಿ. ಸಾಮಾನ್ಯ ಬರಹಕ್ಕೆ, ಅಂದರೆ ಪ್ರವಾಸದ ಬ್ರೋಷರ್, ಕಂಪನಿಯ ಪರಿಚಯ, ಪತ್ರ ವ್ಯವಹಾರಕ್ಕೆ ನನ್ನ ದರ ಪದಕ್ಕೆ 4 ರೂಪಾಯಿ. ಯಂತ್ರೋಪಕರಣಕ್ಕೆ 5 ರೂಪಾಯಿ 50 ಪೈಸೆ. ಕರಾರು ಪತ್ರಕ್ಕೆ 6 ರೂಪಾಯಿ 50 ಪೈಸೆ. ಫ್ರಾನ್ಸಿನ ಕರಾರುಗಳು 1804ರ ನಾಗರಿಕ ಸಂಹಿತೆಯ ನೆಲದಲ್ಲಿ ಬೆಳೆದವು, ನಮ್ಮವು 1872ರ ಕರಾರು ಕಾಯ್ದೆಯ ನೆಲದವು. ಒಂದರ ಪರಿಕಲ್ಪನೆಗೆ ಇನ್ನೊಂದರಲ್ಲಿ ನೇರ ಜೋಡಿ ಸಿಗದೆ ಪ್ರತಿ ಪುಟದಲ್ಲೂ ನಿಂತು ಯೋಚಿಸಬೇಕಾಗುತ್ತದೆ. ಔಷಧ ಪರೀಕ್ಷೆಯ ಕಾಗದಪತ್ರಗಳನ್ನು ಎಷ್ಟು ಕೊಟ್ಟರೂ ನಾನು ಮುಟ್ಟುವುದಿಲ್ಲ, ಅದು ನನಗೆ ಗೊತ್ತಿಲ್ಲದ ವಿದ್ಯೆ.

ವಿಶೇಷ ದರ ಎಂದರೆ ಹೆಚ್ಚಿನ ಲಾಭ ಎಂದು ಗಿರಾಕಿಗಳು ಭಾವಿಸುತ್ತಾರೆ. ಕೆಲವು ಅನುವಾದಕರೂ ಹಾಗೇ ಭಾವಿಸುತ್ತಾರೆ. ಗಂಟೆಗೆ ತಿರುಗಿಸಿ ನೋಡಿದರೆ ನಿಜ ತಿಳಿಯುತ್ತದೆ. 8,490 ಪದಕ್ಕೆ 5.50ರಂತೆ 46,695 ರೂಪಾಯಿ. ಅದನ್ನು 38 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 1,229. ಸಾಮಾನ್ಯ ಬರಹದಲ್ಲಿ, ತಿದ್ದುವುದೂ ಸೇರಿ, ಗಂಟೆಗೆ 300 ಪದ ಸಾಗುತ್ತದೆ. ನಾಲ್ಕರಂತೆ ಅದು 1,200. ಎರಡೂ ಹೆಚ್ಚುಕಡಿಮೆ ಒಂದೇ. ಅಂದರೆ ಯಂತ್ರದ ಕೈಪಿಡಿಗೆ ನಾನು ಪದಕ್ಕೆ ಹೆಚ್ಚು ಕೇಳುತ್ತಿರುವುದು ನನ್ನ ಗಂಟೆಯ ಬೆಲೆ ಇಳಿಯದಿರಲಿ ಎಂದಷ್ಟೇ. ಇನ್ನೊಬ್ಬರು ಹೇಳಿದ ಪುಟಕ್ಕೆ ಆರುನೂರನ್ನು ಇದೇ ಕೆಲಸಕ್ಕೆ ಹಚ್ಚಿದರೆ ಒಟ್ಟು 27,600. ಚಿತ್ರಗಳ 4 ಗಂಟೆಯೂ ಸೇರಿ 42 ಗಂಟೆಗೆ ಹಂಚಿದರೆ ಗಂಟೆಗೆ 657. ಅಷ್ಟಕ್ಕೆ ಒಪ್ಪಿಕೊಂಡವರು ಪೂರ್ತಿ 42 ಗಂಟೆ ಕೂತು ಮಾಡುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಮೊದಲು ಕೈಬಿಡುವುದು ಎರಡನೆಯ ಓದನ್ನೇ.

ಈ 1,200 ಎಲ್ಲಿಂದ ಬಂತು ಎಂಬುದಕ್ಕೂ ಉತ್ತರ ಇರಬೇಕು. ತಿಂಗಳಿಗೆ ಮನೆಗೆ 70,000 ಬೇಕು, ಸಾಫ್ಟ್‌ವೇರ್, ಕಂಪ್ಯೂಟರ್, ಆರೋಗ್ಯ ವಿಮೆ, ತೆರಿಗೆ ಎಲ್ಲ ಸೇರಿ 20,000 ಎಂದುಕೊಳ್ಳಿ. ತಿಂಗಳಲ್ಲಿ ಬಿಲ್ ಮಾಡಲು ಸಿಗುವ ಗಂಟೆ 80 ದಾಟುವುದು ಕಷ್ಟ. ಉಳಿದದ್ದು ಇಂಥ ಕೊಟೇಷನ್ ಬರೆಯಲು, ಲೆಕ್ಕ ಇಡಲು, ಬಾಕಿ ವಸೂಲಿಗೆ, ಕೆಲಸವಿಲ್ಲದ ವಾರಗಳಿಗೆ ಹೋಗುತ್ತದೆ. 90,000ವನ್ನು 80ರಿಂದ ಭಾಗಿಸಿದರೆ 1,125. ಅದಕ್ಕಿಂತ ಕೆಳಗಿಳಿದರೆ ಕೈಯಿಂದ ಹಾಕಿ ದುಡಿದಂತೆ. ಫ್ರಾನ್ಸಿನಲ್ಲಿ 1947ರಲ್ಲೇ ಹುಟ್ಟಿದ ಅನುವಾದಕರ ಸಂಘ ಎಸ್‌ಎಫ್‌ಟಿ ತನ್ನ ಸದಸ್ಯರಿಗೆ ದರ ನಿಗದಿ ಮಾಡಿಕೊಡುವುದಿಲ್ಲ, ಅಲ್ಲಿನ ಸ್ಪರ್ಧಾ ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. ಯಾರು ಎಷ್ಟು ಪಡೆಯುತ್ತಿದ್ದಾರೆ ಎಂಬ ಸಮೀಕ್ಷೆಯನ್ನಷ್ಟೇ ನಡೆಸುತ್ತದೆ. ಆದ್ದರಿಂದ ಅಲ್ಲಿಯವರೂ ತಮ್ಮ ಗಂಟೆಯ ಬೆಲೆಯನ್ನು ತಾವೇ ಹೀಗೆ ಕಂಡುಕೊಳ್ಳಬೇಕು.

ನಾಲ್ಕು ದಿನ ಯಾಕೆ?

ದಿನಕ್ಕೆ 7 ಗಂಟೆಯಂತೆ 42 ಗಂಟೆ ಎಂದರೆ ಆರು ದಿನ. ಗಿರಾಕಿ ಕೇಳಿದ್ದು ನಾಲ್ಕು. ಇಂಥಲ್ಲಿ ಹೊಸಬರು ಎರಡರಲ್ಲಿ ಒಂದು ಮಾಡುತ್ತಾರೆ. ಆಗಲಿ ಎಂದು ಒಪ್ಪಿಕೊಂಡು ರಾತ್ರಿ ಎರಡರವರೆಗೆ ಕೂರುತ್ತಾರೆ, ಇಲ್ಲವೇ ಆಗುವುದಿಲ್ಲ ಎಂದು ಕೆಲಸವನ್ನೇ ಬಿಡುತ್ತಾರೆ. ಅದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಆ ತಾರೀಖಿನಂದು ಏನು ನಡೆಯಲಿದೆ?

ಕೇಳಿದೆ. "ಫ್ರಾನ್ಸ್‌ನಿಂದ ಟೆಕ್ನೀಷಿಯನ್ ಬರ್ತಿದ್ದಾರೆ ಮೇಡಂ, ಮೆಷಿನ್ ಕೂರಿಸೋಕೆ. ಅಷ್ಟರಲ್ಲಿ ನಮ್ಮ ಹುಡುಗರು ಓದಿರಬೇಕು."

ಯಂತ್ರ ಕೂರಿಸುವ ದಿನ ಬೇಕಾಗುವುದು ಸುರಕ್ಷತೆ, ಅಳವಡಿಕೆ ಮತ್ತು ಚಾಲನೆಯ ಮೂರು ಅಧ್ಯಾಯಗಳು. ಎಲ್ಲ ಸೇರಿ 3,200 ಪದ. ನಿರ್ವಹಣೆ, ದೋಷ ಪತ್ತೆ, ಬಿಡಿಭಾಗಗಳು ಆ ದಿನ ಯಾರಿಗೂ ಬೇಕಿಲ್ಲ. ಮೂರು ಅಧ್ಯಾಯಗಳನ್ನು ಮೂರನೆಯ ದಿನ, ಉಳಿದದ್ದನ್ನು ಏಳನೆಯ ಕೆಲಸದ ದಿನ ಕೊಡುತ್ತೇನೆ ಎಂದೆ. ಅವರು ಖುಷಿಯಿಂದ ಒಪ್ಪಿದರು. ಪೂರ್ತಿ ಕಡತವನ್ನು ನಾಲ್ಕೇ ದಿನದಲ್ಲಿ ಬೇಕೆಂದಿದ್ದರೆ ತುರ್ತಿನ ಶುಲ್ಕ ನೂರಕ್ಕೆ 30 ಸೇರಿಸಬೇಕಾಗುತ್ತಿತ್ತು. ಅದೇ ಸುಮಾರು 14,000 ರೂಪಾಯಿ. ನನ್ನ ಕೆಲಸದಲ್ಲಿ ತುರ್ತು ಎಂದರೆ ದಿನಕ್ಕೆ 2,000 ಪದ ಮೀರಬೇಕಾದದ್ದು ಅಥವಾ ಭಾನುವಾರ ಕೂರಬೇಕಾದದ್ದು. ಆ ಶುಲ್ಕದಿಂದ ಸರಿದೂಗುವುದು ನಾನು ಮುಂದೂಡುವ ಬೇರೆ ಗಿರಾಕಿಯ ಕೆಲಸ ಮಾತ್ರ. ದಣಿದ ಕಣ್ಣಿಗೆ ಅದು ಚುರುಕು ತರುವುದಿಲ್ಲ.

ದಣಿದ ಕಣ್ಣು ಏನು ಮಾಡುತ್ತದೆ ಎಂಬುದಕ್ಕೆ ಫ್ರೆಂಚ್ ಅಂಕಿಗಳೇ ಸಾಕ್ಷಿ. ಫ್ರೆಂಚಿನಲ್ಲಿ ದಶಾಂಶಕ್ಕೆ ಅಲ್ಪವಿರಾಮ ಬಳಸುತ್ತಾರೆ, ಸಾವಿರವನ್ನು ಬೇರ್ಪಡಿಸಲು ಖಾಲಿ ಜಾಗ ಬಿಡುತ್ತಾರೆ. ಮೂಲದಲ್ಲಿ 1,250 ಮಿಲಿಮೀಟರ್ ಎಂದಿದ್ದರೆ ಅದು ಒಂದೂಕಾಲು ಮಿಲಿಮೀಟರ್. ಅಲ್ಪವಿರಾಮವನ್ನು ಚುಕ್ಕಿ ಮಾಡದೆ ಹಾಗೇ ಬಿಟ್ಟರೆ ಇಂಗ್ಲಿಷಿನಲ್ಲಿ ಓದುವವರಿಗೆ ಅದು ಸಾವಿರದ ಇನ್ನೂರೈವತ್ತು. ಇಷ್ಟು ದೊಡ್ಡ ವ್ಯತ್ಯಾಸವನ್ನು ಫಿಟ್ಟರ್ ಗುರುತಿಸಿಯಾನು. ಆದರೆ ಒತ್ತಡದ ಕೋಷ್ಟಕದಲ್ಲಿ ಚುಕ್ಕಿಯೇ ಬಿಟ್ಟುಹೋಗಿ 2.5 ಇದ್ದದ್ದು 25 ಆದರೆ, ಆ ಸಂಖ್ಯೆಯನ್ನು ನೋಡಿ ಅನುಮಾನ ಪಡಲು ಕಾರಣವೇ ಇರುವುದಿಲ್ಲ. ಅದಕ್ಕೇ ಮೊದಲು ಕೊಡುವ ಆ ಮೂರು ಅಧ್ಯಾಯಗಳನ್ನು ಇನ್ನೊಬ್ಬ ಅನುವಾದಕರಿಂದ ಮೂಲದೊಡನೆ ಹೋಲಿಸಿ ಓದಿಸುವ ಖರ್ಚನ್ನು ಕೊಟೇಷನ್ನಿಗೆ ಸೇರಿಸಿದೆ. 3,200 ಪದಕ್ಕೆ ಒಂದೂವರೆ ರೂಪಾಯಿಯಂತೆ 4,800. ಅನುವಾದ ಸೇವೆಗೆ 2015ರಲ್ಲಿ ಬಂದ ಐಎಸ್‌ಒ 17100 ಮಾನದಂಡ ಹೀಗೆ ಎರಡನೆಯವರ ಓದನ್ನು ಕಡ್ಡಾಯ ಮಾಡಿದೆ. ಮಾನದಂಡದ ಪ್ರಮಾಣಪತ್ರ ನನ್ನ ಬಳಿ ಇಲ್ಲ. ಆದರೆ ಕೈ ಸಿಕ್ಕಿಕೊಳ್ಳಬಹುದಾದ ಯಂತ್ರದ ಬರಹವನ್ನು ಒಬ್ಬರೇ ಓದಿ ಕಳಿಸುವುದು ಸರಿಯಲ್ಲ ಎಂಬುದು ನನ್ನ ನಂಬಿಕೆ.

ಕಾಗದದ ಮೇಲೆ ಬಂದದ್ದು

ಚಿತ್ರಗಳ 4 ಗಂಟೆಗೆ 900ರಂತೆ 3,600 ಸೇರಿ ಒಟ್ಟು 55,095 ರೂಪಾಯಿ ಆಯಿತು. ಮ್ಯಾನೇಜರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಮೇಡಂ" ಎಂದರು. ಚೌಕಾಸಿಗೆ ಬಗ್ಗಿ ಪದಕ್ಕೆ 5.50 ಇದ್ದದ್ದನ್ನು 4.50 ಮಾಡಿದರೆ, ಮೊದಲು ಹೇಳಿದ್ದರಲ್ಲಿ ಒಂದು ರೂಪಾಯಿ ಸುಮ್ಮನೆ ಏರಿಸಿ ಹೇಳಿದ್ದೆ ಎಂದು ನಾನೇ ಒಪ್ಪಿಕೊಂಡಂತಾಗುತ್ತದೆ. ದರದ ಬದಲು ಕೆಲಸವನ್ನು ಕಡಿಮೆ ಮಾಡಲು ಸಾಧ್ಯವೇ ಎಂದು ನೋಡಿದೆವು. ಬಿಡಿಭಾಗಗಳ ಪಟ್ಟಿ 1,200 ಪದ. ನಿಮ್ಮ ಸ್ಟೋರಿನವರು ಬಿಡಿಭಾಗ ತರಿಸುವುದು ಹೆಸರಿನಿಂದಲೋ, ಪಾರ್ಟ್ ನಂಬರಿನಿಂದಲೋ ಎಂದು ಕೇಳಿದೆ. ನಂಬರಿನಿಂದ ಎಂದರು. ಹಾಗಾದರೆ ಪಟ್ಟಿಯನ್ನು ಫ್ರೆಂಚಿನಲ್ಲೇ ಬಿಟ್ಟು, ಚಿತ್ರದ ಹೆಸರುಗಳನ್ನು ಮಾತ್ರ ಇಂಗ್ಲಿಷಿಗೆ ತಂದರೆ ಸಾಕು. 6,600 ಕಡಿತವಾಗಿ 48,495ಕ್ಕೆ ನಿಂತಿತು. ಅತಿ ನಿಧಾನದ ಭಾಗವೇ ಹೋದದ್ದರಿಂದ ನನಗೂ ನಷ್ಟವಿಲ್ಲ.

ಕಳಿಸಿದ ಕೊಟೇಷನ್ ಒಂದೇ ಪುಟದ್ದು. ಯಾವ ಕಡತ, ಯಾವ ತಾರೀಖಿನ ಆವೃತ್ತಿ, ಯಾವ ಸಾಫ್ಟ್‌ವೇರ್‌ನಲ್ಲಿ ಎಷ್ಟು ಪದ, ಯಾವ ವರ್ಗಕ್ಕೆ ಎಷ್ಟು ದರ ಎಂದು ಬರೆದೆ. ದಿನಗಳ ಲೆಕ್ಕ ಶುರುವಾಗುವುದು ಪರ್ಚೇಸ್ ಆರ್ಡರ್ ಮತ್ತು ನೂರಕ್ಕೆ 40 ಮುಂಗಡ ಕೈಸೇರಿದ ಮರುದಿನದಿಂದ ಎಂದೂ ಸೇರಿಸಿದೆ. ಹೀಗೆ ಬರೆಯದಿದ್ದರೆ, ಗಿರಾಕಿ ಮೂರು ದಿನ ಕಾಯಿಸಿ ಆರ್ಡರ್ ಕೊಟ್ಟಾಗಲೂ ಗಡುವು ಮಾತ್ರ ಹಳೆಯ ತಾರೀಖಿಗೇ ನಿಂತಿರುತ್ತದೆ. ಜಿಎಸ್‌ಟಿ ನೋಂದಣಿ ಇರುವವರು ಶೇ 18 ತೆರಿಗೆ ಪ್ರತ್ಯೇಕ ಎಂದು ಬರೆಯಲೇಬೇಕು. ಸೇವೆಗಳಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ.

ಕೊಟೇಷನ್ನಿನ ಒಂದು ಸಾಲು ಎರಡನೆಯ ದಿನವೇ ಕೆಲಸಕ್ಕೆ ಬಂತು. ಫ್ರಾನ್ಸಿನ ಟೆಕ್ನೀಷಿಯನ್ ಕೈಪಿಡಿಯ ಹೊಸ ಆವೃತ್ತಿ ಇದೆ ಎಂದು ಇನ್ನೊಂದು ಪಿಡಿಎಫ್ ಕಳಿಸಿದರು. "ಹೆಚ್ಚೇನೂ ಬದಲಾಗಿಲ್ಲ, ಅಲ್ಲಲ್ಲಿ ತಿದ್ದಿಬಿಡಿ" ಎಂಬ ಮಾತಿನೊಡನೆ ಅದು ನನಗೆ ಬಂತು. ಎರಡನ್ನೂ ಸಾಫ್ಟ್‌ವೇರ್‌ಗೆ ಹಾಕಿ ಹೋಲಿಸಿದಾಗ ಬದಲಾದ ಮತ್ತು ಸೇರಿದ ಪದ 640. ಆರ್ಡರ್ ಆದಮೇಲೆ ಮೂಲ ಬದಲಾದರೆ ಹೊಸ ಪದಗಳಿಗೆ ಅದೇ ದರ ಮತ್ತು ಹೆಚ್ಚುವರಿ ಸಮಯ ಎಂದು ಬರೆದಿದ್ದರಿಂದ 3,520 ರೂಪಾಯಿ ಮತ್ತು ಒಂದು ದಿನ ಸೇರಿತು. ಮೇಲೆ ಹೇಳಿದ ಫಿಲ್ಟರ್ ವಿಷಯಕ್ಕೂ ಆ ಆವೃತ್ತಿಯಲ್ಲಿ ಉತ್ತರ ಸಿಕ್ಕಿತು, ಎರಡೂ ಕಡೆ 250 ಎಂದಿತ್ತು.

ಇನ್ನು ಹಣ ಬರುವ ಮಾತು. ಫ್ರಾನ್ಸಿನ ಕಂಪನಿಗೆ ನೇರವಾಗಿ ಕೆಲಸ ಮಾಡುವವರು ತಿಳಿದಿರಬೇಕಾದದ್ದು, ಅಲ್ಲಿ ವ್ಯವಹಾರದ ಬಿಲ್ಲುಗಳ ಪಾವತಿಗೆ 2008ರ ಕಾನೂನು ಸಾಮಾನ್ಯವಾಗಿ 60 ದಿನದ ಮಿತಿ ಹಾಕಿದೆ ಎಂಬುದು. ನಮ್ಮಲ್ಲೂ ಒಂದು ರಕ್ಷಣೆ ಇದೆ, ಮನೆಯಿಂದ ದುಡಿಯುವ ಅನುವಾದಕರು ಅದನ್ನು ಅಷ್ಟಾಗಿ ಬಳಸಿಕೊಂಡಿಲ್ಲ. ಒಬ್ಬರೇ ನಡೆಸುವ ಅನುವಾದ ಸೇವೆಯನ್ನೂ ಉದ್ಯಮ್ ಪೋರ್ಟಲ್‌ನಲ್ಲಿ ಕಿರು ಉದ್ಯಮವಾಗಿ ನೋಂದಾಯಿಸಬಹುದು. ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಹೀಗೆ ನೋಂದಾಯಿಸಿಕೊಂಡವರಿಗೆ ಗಿರಾಕಿ ಕಂಪನಿ, ಲಿಖಿತ ಒಪ್ಪಂದ ಇದ್ದರೂ, 45 ದಿನಕ್ಕಿಂತ ತಡ ಮಾಡುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ ಮಿತಿ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಕೆಲಸ ಮುಗಿದು ಹಣ ನಿಂತ ಮೇಲೆ ನೋಂದಾಯಿಸಿಕೊಂಡರೆ ಆ ಬಿಲ್ಲಿಗೆ ಇದರ ಬಲ ಸಿಗುವುದು ಕಷ್ಟ. ಈ ಕಸುಬಿಗೆ ಹೊಸದಾಗಿ ಇಳಿಯುತ್ತಿರುವವರು ಮೊದಲ ಕೊಟೇಷನ್ ಕಳಿಸುವ ಮುಂಚೆಯೇ ದಯವಿಟ್ಟು ನೋಂದಣಿ ಮುಗಿಸಿಕೊಳ್ಳಿ, ಆ ಸಂಖ್ಯೆಯನ್ನು ಕೊಟೇಷನ್ನಿನ ತಲೆಯಲ್ಲೇ ಬರೆಯಿರಿ.